ಟಿವಿಗೂ ಸೋಫಾಗೂ ನಡುವೆ ಎಷ್ಟು ದೂರ ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

"ಹಾಲ್ 12 ಅಡಿ ಇದೆ, ಎಷ್ಟು ಇಂಚಿನ ಟಿವಿ ತಗೊಳ್ಲಿ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲ ಅದೇ ಉತ್ತರವನ್ನು ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಒಂದು ಅಳತೆ ಟೇಪು ಹತ್ತಿರ ಇಟ್ಟುಕೊಂಡು ಓದಿ.

ಸುತ್ತು ಬಳಸಿ ಹೇಳಬೇಡಿ. ಎಷ್ಟು ದೂರ ಕೂರಬೇಕು?

ಟಿವಿಯ ಇಂಚನ್ನು 4ರಿಂದ ಗುಣಿಸಿ. ಬಂದ ಸಂಖ್ಯೆಯೇ ನಿಮ್ಮ ಕಣ್ಣಿಗೂ ಪರದೆಗೂ ನಡುವೆ ಇರಬೇಕಾದ ದೂರ, ಸೆಂಟಿಮೀಟರಿನಲ್ಲಿ.

ಇಂಚು × 4 = ಸೆಂ.ಮೀ.

55 ಇಂಚಿನ ಟಿವಿಗೆ 220 ಸೆಂ.ಮೀ., ಅಂದರೆ ಸುಮಾರು ಏಳೂಕಾಲು ಅಡಿ. 43 ಇಂಚಿಗೆ 172 ಸೆಂ.ಮೀ. 65 ಇಂಚಿಗೆ 260 ಸೆಂ.ಮೀ.

ಇದೇನು ಕಲ್ಲಿನ ಮೇಲೆ ಕೆತ್ತಿದ ನಿಯಮ ಅಲ್ಲ. ಹತ್ತಿರ ಬರುವುದಾದರೆ 3ರಿಂದ ಗುಣಿಸಿದಷ್ಟು, ದೂರ ಹೋಗುವುದಾದರೆ 5ರಿಂದ ಗುಣಿಸಿದಷ್ಟು. ಈ ಎರಡರ ಒಳಗೆ ಎಲ್ಲಿ ಕೂತರೂ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ. ಮುಂದೆ ನಾನು "ನಾಲ್ಕರಷ್ಟು", "ಐದರಷ್ಟು" ಅಂತ ಬರೆದರೆ ಈ ಲೆಕ್ಕ ಅಂತಲೇ ತಿಳಿಯಿರಿ.

ಈ 4 ಎಲ್ಲಿಂದ ಬಂತು?

ಕಣ್ಣಿನ ಕೋನದಿಂದ. ನೀವು ಕೂತ ಜಾಗದಿಂದ ಪರದೆಯ ಎಡ ಅಂಚಿಗೆ ಒಂದು ದಾರ, ಬಲ ಅಂಚಿಗೆ ಇನ್ನೊಂದು ದಾರ ಎಳೆದಿದ್ದೀರಿ ಅಂದುಕೊಳ್ಳಿ. ಆ ಎರಡು ದಾರಗಳ ನಡುವಿನ ಕೋನವೇ ಟಿವಿ ನಿಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದನ್ನು ತೀರ್ಮಾನಿಸುವುದು. ಇಂಚು ಅಲ್ಲ. ಅಂಗೈಯಲ್ಲಿರುವ ಮೊಬೈಲು ದೂರದ ಟಿವಿಗಿಂತ ದೊಡ್ಡದಾಗಿ ಕಾಣುವುದು ಇದಕ್ಕೇ.

ಸಿನಿಮಾ ಮತ್ತು ಟಿವಿ ಎಂಜಿನಿಯರುಗಳ ಸಂಘವಾದ ಎಸ್‌ಎಂಪಿಟಿಇ ಹೆಸರಿನಲ್ಲಿ ಬಳಕೆಯಲ್ಲಿರುವ ಕೋನ 30 ಡಿಗ್ರಿ. ಚಿತ್ರಮಂದಿರ, ಟಿವಿಗಳ ಗುಣಮಟ್ಟಕ್ಕೆ ಪ್ರಮಾಣಪತ್ರ ಕೊಡುವ ಸಂಸ್ಥೆಯಾದ ಟಿಎಚ್‌ಎಕ್ಸ್‌ನವರು ಇನ್ನೂ ಹತ್ತಿರ ಕೂರಿಸುತ್ತಾರೆ, ಅವರದು 40 ಡಿಗ್ರಿ. ಈಗಿನ ಟಿವಿಗಳ ಅಗಲ ಮತ್ತು ಎತ್ತರ 16:9 ಅನುಪಾತದಲ್ಲಿರುತ್ತವೆ. ಇಂಚು ಅಂತ ಹೇಳುವುದು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ ಉದ್ದ. ಲೆಕ್ಕ ಹಾಕಿದರೆ 30 ಡಿಗ್ರಿಗೆ ಆ ಓರೆ ಉದ್ದದ 1.6 ಪಟ್ಟು ದೂರ ಬರುತ್ತದೆ, 40 ಡಿಗ್ರಿಗೆ 1.2 ಪಟ್ಟು. ಒಂದು ಇಂಚು ಅಂದರೆ 2.54 ಸೆಂ.ಮೀ. ಅಲ್ವಾ? ಅದನ್ನು 1.6ರಿಂದ ಗುಣಿಸಿದರೆ ಹತ್ತಿರ ಹತ್ತಿರ 4, 1.2ರಿಂದ ಗುಣಿಸಿದರೆ ಹತ್ತಿರ ಹತ್ತಿರ 3. ನಮ್ಮ ಅದೃಷ್ಟಕ್ಕೆ ಎರಡೂ ಬಾಯಲ್ಲಿ ನಿಲ್ಲುವ ಸಂಖ್ಯೆಗಳೇ ಆದವು.

ಐದರಷ್ಟು ದೂರದಲ್ಲಿ ಕೋನ ಸುಮಾರು 25 ಡಿಗ್ರಿಗೆ ಇಳಿಯುತ್ತದೆ. ಸುದ್ದಿ, ಧಾರಾವಾಹಿ, ಮಾತುಕತೆಯ ಕಾರ್ಯಕ್ರಮಗಳಿಗೆ ನನ್ನ ಪ್ರಕಾರ ಇದೇ ಚೆನ್ನ. ಆರರಷ್ಟಾದರೆ 21 ಡಿಗ್ರಿಯೂ ಉಳಿಯುವುದಿಲ್ಲ. ಆಗ ಟಿವಿ ಗೋಡೆಗೆ ನೇತುಹಾಕಿದ ಫೋಟೋ ತರಹ ಆಗಿಬಿಡುತ್ತದೆ.

ಕೋಣೆಯ ಉದ್ದವನ್ನೇ 4ರಿಂದ ಭಾಗಿಸಿದರೆ ಆಯ್ತಲ್ಲ?

ಆಗಲಿಲ್ಲ. ನಾನೇ ಹಾಗೆ ಮಾಡಿ ಕೆಟ್ಟವನು.

ಕೋಣೆ 10 ಅಡಿ, ಅಂದರೆ 305 ಸೆಂ.ಮೀ. ಭಾಗಿಸಿದಾಗ 76 ಬಂತು. ಖುಷಿಯಲ್ಲಿ 75 ಇಂಚಿನದನ್ನೇ ತಂದೆ. ಸ್ಟ್ಯಾಂಡಿನ ಮೇಲೆ ಇಟ್ಟು ಸೋಫಾದಲ್ಲಿ ಕೂತ ಮೇಲೆ ಗೊತ್ತಾಯಿತು, ನನ್ನ ಕಣ್ಣುಗಳೇನು ಹಿಂದಿನ ಗೋಡೆಗೆ ಅಂಟಿಕೊಂಡಿರಲಿಲ್ಲ. ಪರದೆಯೂ ಮುಂದಿನ ಗೋಡೆಗೆ ಅಂಟಿರಲಿಲ್ಲ. ಸ್ಟ್ಯಾಂಡಿನಿಂದಾಗಿ ಪರದೆ ಗೋಡೆಯಿಂದ 30 ಸೆಂ.ಮೀ. ಮುಂದೆ ಬಂದಿತ್ತು. ಸೋಫಾದ ದಪ್ಪ ಬೆನ್ನಿನಿಂದಾಗಿ ನನ್ನ ಕಣ್ಣು ಹಿಂದಿನ ಗೋಡೆಯಿಂದ 55 ಸೆಂ.ಮೀ. ಈಚೆಗಿತ್ತು. ಉಳಿದದ್ದು 220 ಸೆಂ.ಮೀ., ಮೂರರಷ್ಟೂ ಇಲ್ಲ. ಸಿನಿಮಾ ಪರವಾಗಿರಲಿಲ್ಲ. ಆದರೆ ಮ್ಯಾಚ್ ನೋಡುವಾಗ ಮೂಲೆಯಲ್ಲಿನ ಸ್ಕೋರಿಗೆ ಪ್ರತಿ ಸಲ ಕತ್ತು ತಿರುಗಿಸಬೇಕಿತ್ತು, ಸುದ್ದಿ ಓದುವವರ ಮುಖ ನನ್ನ ಮುಖಕ್ಕಿಂತ ದೊಡ್ಡದಾಗಿತ್ತು. ಕೊನೆಗೆ ಸ್ಟ್ಯಾಂಡ್ ತೆಗೆದು ಗೋಡೆಗೆ ಬ್ರಾಕೆಟ್ ಹಾಕಿಸಿದೆ. 22 ಸೆಂ.ಮೀ. ಸಿಕ್ಕಿತು. ಹೇಗೋ ಸಾಗುತ್ತಿದೆ.

ಹಾಗಾಗಿ ಅಳೆಯಬೇಕಾದದ್ದು ಗೋಡೆಯಿಂದ ಗೋಡೆಗೆ ಅಲ್ಲ, ಕಣ್ಣಿನಿಂದ ಪರದೆಗೆ. ಸೋಫಾದಲ್ಲಿ ನೀವು ದಿನಾ ಕೂರುವ ಹಾಗೆಯೇ ಒರಗಿ ಕೂರಿ. ಟೇಪಿನ ಒಂದು ತುದಿಯನ್ನು ನಿಮ್ಮ ಕಣ್ಣಿನ ಪಕ್ಕ, ಕೆನ್ನೆಯ ಹತ್ತಿರ ಹಿಡಿದುಕೊಳ್ಳಿ. ಇನ್ನೊಬ್ಬರು ಇನ್ನೊಂದು ತುದಿಯನ್ನು ಪರದೆ ಬರುವ ಜಾಗಕ್ಕೆ ಹಿಡಿಯಲಿ. ಗೋಡೆಗೆ ಅಲ್ಲ, ಪರದೆ ಬರುವ ಜಾಗಕ್ಕೆ. ಮುಂದೆ ಬಾಗಿ ಕೂತು ಅಳೆದರೆ ಇಪ್ಪತ್ತು ಮೂವತ್ತು ಸೆಂ.ಮೀ. ಸುಮ್ನೆ ಕಳೆದುಹೋಗುತ್ತದೆ.

ನಮ್ಮದು 12 ಅಡಿ ಹಾಲ್. ಲೆಕ್ಕ ಮಾಡಿ ತೋರಿಸಿ.

12 ಅಡಿ ಅಂದರೆ 366 ಸೆಂ.ಮೀ. ಟಿವಿ ಸ್ಟ್ಯಾಂಡಿನ ಮೇಲೆ ಇರುತ್ತದೆ, ಪರದೆ ಗೋಡೆಯಿಂದ 25 ಸೆಂ.ಮೀ. ಮುಂದೆ ಅಂದುಕೊಳ್ಳೋಣ. ಸೋಫಾ ಹಿಂದಿನ ಗೋಡೆಗೆ ತಾಗಿದೆ, ಒರಗಿ ಕೂತಾಗ ಕಣ್ಣು ಆ ಗೋಡೆಯಿಂದ 45 ಸೆಂ.ಮೀ. ಈಚೆ. ಎರಡನ್ನೂ ಕಳೆದರೆ 296 ಸೆಂ.ಮೀ. ಉಳಿಯುತ್ತದೆ. ಹನ್ನೆರಡು ಅಡಿಯ ಕೋಣೆಯಲ್ಲಿ ನೋಡುವ ದೂರ ಹತ್ತು ಅಡಿಗೂ ಸ್ವಲ್ಪ ಕಮ್ಮಿ.

ಈಗ ಭಾಗಿಸಿ. 4ರಿಂದ ಭಾಗಿಸಿದರೆ 74 ಇಂಚು. 5ರಿಂದ ಭಾಗಿಸಿದರೆ 59 ಇಂಚು. 3ರಿಂದ ಭಾಗಿಸಿದರೆ 99 ಇಂಚು ಬರುತ್ತದೆ, ಅದನ್ನು ಸದ್ಯಕ್ಕೆ ಮರೆತುಬಿಡೋಣ. ಹಾಗಾದರೆ ನಿಮ್ಮ ಮುಂದಿರುವುದು 55, 65, 75.

55 ಇಂಚಿನ ಪರದೆಯ ಅಗಲ 122 ಸೆಂ.ಮೀ. ನಿಮ್ಮ ದೂರದಿಂದ ಅದು 23 ಡಿಗ್ರಿಯಷ್ಟು ಜಾಗ ತುಂಬುತ್ತದೆ. ನೋಡಬಹುದು, ಆದರೆ ಸಬ್‌ಟೈಟಲ್ ಓದುವವರಿಗೆ ಸಣ್ಣದು ಅನಿಸುತ್ತದೆ. 65 ಇಂಚಿನದು 144 ಸೆಂ.ಮೀ. ಅಗಲ, 27 ಡಿಗ್ರಿ. 75 ಇಂಚಿನದು 166 ಸೆಂ.ಮೀ. ಅಗಲ, 31 ಡಿಗ್ರಿ.

ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಏನಾದರೊಂದು ಓಡುತ್ತಿರುತ್ತದೆ ಅಂದರೆ ನಾನು 65 ಅನ್ನುತ್ತೇನೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವುದೇ ಜಾಸ್ತಿ ಅಂದರೆ 75. ಎರಡರ ನಡುವೆ ಯಾವುದು ಅಂತ ತೀರ್ಮಾನ ಆಗದಿದ್ದರೆ ಗೋಡೆಯ ಮೇಲೆ ಬರೆದು ನೋಡಬಹುದು. ಅದು ಹೇಗೆ ಅಂತ ಕೆಳಗೆ ಹೇಳಿದ್ದೇನೆ.

ಫುಲ್ ಎಚ್‌ಡಿ, 4ಕೆ ಅಂತಾರಲ್ಲ, ಅದಕ್ಕೂ ದೂರಕ್ಕೂ ಏನು ಸಂಬಂಧ?

ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು. ಮೇಲೆ ಹೇಳಿದ 30 ಡಿಗ್ರಿ, 40 ಡಿಗ್ರಿ ಎಲ್ಲ ಚಿತ್ರ ಎಷ್ಟು ದೊಡ್ಡದಾಗಿ ಕಾಣಬೇಕು ಅನ್ನುವ ಮಾತು. ಫುಲ್ ಎಚ್‌ಡಿ, 4ಕೆ ಅನ್ನುವುದು ಎಷ್ಟು ಹತ್ತಿರ ಬಂದರೆ ಚಿತ್ರವನ್ನು ಕಟ್ಟುವ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ ಅನ್ನುವ ಮಾತು. ಎರಡೂ ಬೇರೆ ಬೇರೆ.

ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಗುರುತಿಸುತ್ತದೆ. ಕಣ್ಣಿನ ಡಾಕ್ಟರು 6/6 ಅಂತ ಬರೆಯುವುದು ಈ ಮಟ್ಟದ ದೃಷ್ಟಿಗೆ. 55 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಅಡ್ಡಕ್ಕೆ 1920 ಚುಕ್ಕೆಗಳು. 122 ಸೆಂ.ಮೀ. ಅಗಲವನ್ನು ಹಂಚಿದರೆ ಒಂದೊಂದಕ್ಕೆ 0.63 ಮಿ.ಮೀ. ಬರುತ್ತದೆ. ಅಷ್ಟು ಸಣ್ಣ ಚುಕ್ಕೆ ಬಿಡಿಯಾಗಿ ಕಾಣುವುದು ನಿಲ್ಲುವುದು ಸುಮಾರು 218 ಸೆಂ.ಮೀ. ದೂರದಲ್ಲಿ. ಗಮನಿಸಿದಿರಾ? ಇದೂ ನಾಲ್ಕರಷ್ಟೇ. 4ಕೆಯಲ್ಲಿ ಚುಕ್ಕೆಯ ಅಗಲ ಅರ್ಧ, ಹಾಗಾಗಿ ದೂರವೂ ಅರ್ಧ: 109 ಸೆಂ.ಮೀ., ಅಂದರೆ ಎರಡರಷ್ಟು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದನ್ನೇ ಪರದೆಯ ಎತ್ತರದ ಲೆಕ್ಕದಲ್ಲಿ ಹೇಳುತ್ತದೆ. ಎಚ್‌ಡಿಗೆ ಎತ್ತರದ 3.2 ಪಟ್ಟು, 4ಕೆಗೆ 1.6 ಪಟ್ಟು.

ಈಗ ತಪ್ಪು ಅರ್ಥ ಮಾಡಿಕೊಳ್ಳಬೇಡಿ. 4ಕೆ ಟಿವಿಗೆ ಎರಡರಷ್ಟು ದೂರ ಅಂದರೆ ಅಲ್ಲಿಯೇ ಕೂರಬೇಕು ಅಂತ ಅಲ್ಲ. ಅಷ್ಟು ಹತ್ತಿರ ಬಂದರೂ ಚುಕ್ಕೆ ಕಾಣುವುದಿಲ್ಲ ಅಂತ ಅಷ್ಟೇ. 55 ಇಂಚಿನ ಮುಂದೆ ಒಂದು ಮೀಟರಿನಲ್ಲಿ ಕೂತು ನೋಡಿ, ಇಡೀ ಚಿತ್ರ ಒಂದೇ ನೋಟಕ್ಕೆ ಸಿಗುವುದೇ ಇಲ್ಲ. ಇನ್ನೊಂದು ಕಡೆಯಿಂದ, ನಾಲ್ಕರಷ್ಟಕ್ಕಿಂತ ದೂರ ಕೂತವರಿಗೆ ಒಂದೇ ಅಳತೆಯ ಫುಲ್ ಎಚ್‌ಡಿಗೂ 4ಕೆಗೂ ಚುಕ್ಕೆಯ ವ್ಯತ್ಯಾಸ ಕಾಣುವುದು ಕಷ್ಟ. ಬಣ್ಣ, ಹೊಳಪಿನ ವ್ಯತ್ಯಾಸ ಕಾಣಬಹುದು, ಅದು ಬೇರೆ ವಿಷಯ.

ದೊಡ್ಡ ಟಿವಿ ತಂದ ಮೇಲೆ ಕೆಲವು ಚಾನೆಲ್‌ಗಳು ಮಸುಕಾಗಿ ಕಾಣುತ್ತಿವೆ. ಟಿವಿ ಕೆಟ್ಟಿದೆಯಾ?

ಬಹುಶಃ ಇಲ್ಲ. ಹಳೆಯ ಗುಣಮಟ್ಟದ ಪ್ರಸಾರದಲ್ಲಿ ಮೇಲಿನಿಂದ ಕೆಳಗೆ 576 ಇಲ್ಲವೇ 480 ಸಾಲುಗಳಷ್ಟೇ ಇರುತ್ತವೆ. ಅದನ್ನು 65 ಇಂಚಿಗೆ ಹಿಗ್ಗಿಸಿದಾಗ ಮಸುಕು ಕಾಣಬಾರದು ಅಂದರೆ ಪರದೆಯ ಎತ್ತರದ ಕನಿಷ್ಠ ಆರು ಪಟ್ಟು ದೂರ ಹೋಗಬೇಕು. 65 ಇಂಚಿನ ಎತ್ತರ 81 ಸೆಂ.ಮೀ., ಅಂದರೆ ಐದು ಮೀಟರಿಗೆ ಸ್ವಲ್ಪ ಕಮ್ಮಿ. ಪಕ್ಕದ ಕೋಣೆಯಿಂದಲೇ ನೋಡಬೇಕಾದೀತು.

ಟಿವಿ ಕೆಟ್ಟಿದೆಯೋ ಪ್ರಸಾರ ಮಸುಕೋ ಅಂತ ತಿಳಿಯುವುದು ಸುಲಭ. ಮಸುಕಾದ ಚಾನೆಲ್ ಓಡುತ್ತಿರುವಾಗಲೇ ಟಿವಿಯ ಸೆಟ್ಟಿಂಗ್ಸ್ ಮೆನು ತೆಗೆಯಿರಿ. ಮೆನುವಿನ ಅಕ್ಷರಗಳು ಚೂಪಾಗಿದ್ದು ಹಿಂದಿನ ಚಿತ್ರ ಮಾತ್ರ ಮಸುಕಾಗಿದ್ದರೆ ತಪ್ಪು ಟಿವಿಯದಲ್ಲ. ನೀವು ನೋಡುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ಚಾನೆಲ್‌ಗಳೇ ಅಂದರೆ, ಐದರಷ್ಟು ದೂರ ಬರುವ ಅಳತೆಯನ್ನೇ ಆರಿಸಿ.

ತರುವ ಮೊದಲೇ ನೋಡಿ ತಿಳಿಯುವ ದಾರಿ ಇದೆಯಾ?

ಇದೆ, ಅದಕ್ಕೆ ಬೇಕಾದದ್ದು ಗೋಡೆಯ ಬಣ್ಣ ಕೀಳದ ಕಾಗದದ ಟೇಪು ಅಷ್ಟೇ. ಅಂಗಡಿಯಲ್ಲಿ ನೋಡಿ ಅಳತೆ ತೀರ್ಮಾನಿಸಬೇಡಿ. ಅಲ್ಲಿನ ಛಾವಣಿ ಎತ್ತರ, ಜಾಗ ವಿಶಾಲ, ಪಕ್ಕದಲ್ಲಿ ಇನ್ನೂ ದೊಡ್ಡದೊಂದು ಇರುತ್ತದೆ. 65 ಇಂಚಿನದು ಪಾಪ ಅನಿಸುತ್ತದೆ.

ಮನೆಯ ಗೋಡೆಯ ಮೇಲೆ ಟಿವಿ ಬರುವ ಜಾಗದಲ್ಲಿ ಟೇಪಿನಿಂದ ಒಂದು ಚೌಕಟ್ಟು ಎಳೆಯಿರಿ. 55 ಇಂಚಿಗೆ 122 ಅಗಲ, 68 ಎತ್ತರ. 65ಕ್ಕೆ 144 ಅಗಲ, 81 ಎತ್ತರ. 75ಕ್ಕೆ 166 ಅಗಲ, 93 ಎತ್ತರ. ಎಲ್ಲವೂ ಸೆಂಟಿಮೀಟರ್. ಎರಡು ಅಳತೆಗಳ ನಡುವೆ ತೂಗಾಡುತ್ತಿದ್ದರೆ ಒಂದರೊಳಗೆ ಒಂದು ಎಳೆಯಿರಿ. ಟಿವಿ ಸ್ಟ್ಯಾಂಡಿನ ಮೇಲೆ ಬರುವುದಾದರೆ ಗೋಡೆಯ ಬದಲು ದೊಡ್ಡ ರಟ್ಟನ್ನು ಆ ಅಳತೆಗೆ ಕತ್ತರಿಸಿ ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸಿ.

ಆಮೇಲೆ ಸೋಫಾದಲ್ಲಿ ಕೂತು ಚೌಕಟ್ಟಿನ ಮಧ್ಯವನ್ನು ನೋಡಿ. ಕತ್ತು ಅಲ್ಲಾಡಿಸದೆ ಕಣ್ಣನ್ನಷ್ಟೇ ಹೊರಳಿಸಿ ನಾಲ್ಕೂ ಮೂಲೆಗೆ ಹೋಗಿ ಬನ್ನಿ. ಆರಾಮಾಗಿ ಹೋದರೆ ಅಳತೆ ಸರಿ. ಮೂಲೆಗೆ ಹೋಗಲು ಗದ್ದ ತಿರುಗಿತು ಅಂದರೆ ಹತ್ತಿರ ಆಯ್ತು. ಚೌಕಟ್ಟನ್ನು ಎರಡು ಮೂರು ದಿನ ಹಾಗೆಯೇ ಬಿಡಿ. ಮನೆಯವರೆಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತು ಅಭಿಪ್ರಾಯ ಹೇಳಲಿ, ಹೇಗೂ ಹೇಳದೆ ಬಿಡುವುದಿಲ್ಲ.

ನಮ್ಮ ಹಾಲ್ 20 ಅಡಿ ಉದ್ದ. 135 ಇಂಚಿನ ಟಿವಿ ತರಬೇಕಾ?

ಬೇಡ, ಸೋಫಾ ಮುಂದೆ ತನ್ನಿ. ಸೋಫಾದ ಬೆನ್ನು ಗೋಡೆಗೆ ತಾಗಲೇಬೇಕು ಅಂತ ಯಾರೂ ಹೇಳಿಲ್ಲ. 65 ಇಂಚು ಇಟ್ಟುಕೊಂಡರೆ ಕಣ್ಣು ಪರದೆಯಿಂದ 260ರಿಂದ 325 ಸೆಂ.ಮೀ. ಒಳಗೆ ಬರುವಂತೆ ಸೋಫಾ ಹಾಕಿ. ಹಿಂದೆ ಉಳಿದ ಜಾಗದಲ್ಲಿ ಓಡಾಡಬಹುದು, ಮೇಜು ಹಾಕಿಕೊಳ್ಳಬಹುದು. ಸೋಫಾ ಸರಿಸಲು ಆಗುವುದೇ ಇಲ್ಲ ಅಂದರೆ ಕೋಣೆಯ ಅಗಲದ ಕಡೆಗೆ ಟಿವಿ ತಿರುಗಿಸಲು ಆಗುತ್ತದೆಯೇ ನೋಡಿ. ಉದ್ದ 20 ಅಡಿ ಇದ್ದರೂ ಅಗಲ 11 ಅಡಿ ಇದ್ದರೆ ಅದೇ ಸರಿಯಾದ ದೂರ.

ಕೋಣೆ 8 ಅಡಿ ಮಾತ್ರ.

244ರಲ್ಲಿ ಸ್ಟ್ಯಾಂಡಿಗೆ, ಸೋಫಾಗೆ ಅಂತ 70 ಕಳೆದರೆ 174. ನಾಲ್ಕರಿಂದ ಭಾಗಿಸಿ, 43 ಇಂಚು. ಗೋಡೆಗೆ ಹಾಕಿ 4ಕೆ ವಿಡಿಯೋಗಳನ್ನೇ ನೋಡುವವರು 55ರವರೆಗೂ ಹೋಗಬಹುದು.

ಒಬ್ಬರು ಹತ್ತಿರ, ಒಬ್ಬರು ದೂರ ಕೂರುತ್ತಾರೆ. ಯಾರ ಲೆಕ್ಕ ಹಿಡಿಯಬೇಕು?

ಇಬ್ಬರದ್ದೂ. ಎಲ್ಲಕ್ಕಿಂತ ಹತ್ತಿರದ ಕುರ್ಚಿ ಮೂರರಷ್ಟಕ್ಕಿಂತ ಕಮ್ಮಿ ಆಗಬಾರದು. ಎಲ್ಲಕ್ಕಿಂತ ದೂರದ್ದು ಐದರಷ್ಟಕ್ಕಿಂತ ಜಾಸ್ತಿ ಆಗಬಾರದು. ಹತ್ತಿರದ್ದು 200 ಸೆಂ.ಮೀ., ದೂರದ್ದು 320 ಅಂದರೆ 65 ಇಂಚು ಎರಡಕ್ಕೂ ಕೂರುತ್ತದೆ. ಎರಡೂ ಹೊಂದುವ ಅಳತೆ ಸಿಗದಿದ್ದರೆ ಜಾಸ್ತಿ ಹೊತ್ತು ಕೂರುವವರ ಕಡೆಗೆ ವಾಲಿಸಿ.

ದೂರದ ಜೊತೆಗೆ ಪಕ್ಕದ ಕೋನವನ್ನೂ ನೋಡಿ. ಕೆಲವು ಪರದೆಗಳಲ್ಲಿ, ಅದರಲ್ಲೂ ವಿಎ ಅನ್ನುವ ಬಗೆಯ ಪ್ಯಾನೆಲ್ ಇರುವವುಗಳಲ್ಲಿ, ಪಕ್ಕದಿಂದ ನೋಡಿದಾಗ ಕಪ್ಪು ಬೂದು ಬಣ್ಣವಾಗುತ್ತದೆ, ಬಣ್ಣ ತೊಳೆದ ಹಾಗೆ ಕಾಣುತ್ತದೆ. ಐಪಿಎಸ್ ಮತ್ತು ಓಎಲ್‌ಇಡಿ ಬಗೆಯವುಗಳಲ್ಲಿ ಈ ತೊಂದರೆ ಕಮ್ಮಿ. ಪಕ್ಕದಲ್ಲಿ ಒಂಟಿ ಕುರ್ಚಿ ಇದ್ದು ಅದರಲ್ಲಿ ದಿನಾ ಒಬ್ಬರು ಕೂರುತ್ತಾರೆ ಅಂದರೆ ಕೊಳ್ಳುವ ಮೊದಲು ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ನಿಂತು ನೋಡಿ.

ಎಷ್ಟು ಎತ್ತರಕ್ಕೆ ಹಾಕಿಸಬೇಕು?

ದೂರ ಸರಿ ಇದ್ದೂ ಕತ್ತು ನೋಯುತ್ತಿದೆ ಅನ್ನುವವರ ಮನೆಯಲ್ಲಿ ನೋಡಿದರೆ ಟಿವಿ ಬಾಗಿಲಿನ ಎತ್ತರಕ್ಕೆ ಇರುತ್ತದೆ. ಗೋಡೆಗೆ ಹಾಕುವವರು ನಿಂತುಕೊಂಡು ಗುರುತು ಮಾಡುತ್ತಾರೆ. ನಾವು ಕೂತುಕೊಂಡು ನೋಡುತ್ತೇವೆ. ತೊಂದರೆ ಆಗುವುದು ಅಲ್ಲೇ.

ಸೋಫಾದಲ್ಲಿ ಕೂತಾಗ ಕಣ್ಣು ನೆಲದಿಂದ ಸುಮಾರು 105 ಸೆಂ.ಮೀ. ಎತ್ತರದಲ್ಲಿ ಇದೆ ಅನ್ನಿ. ಪರದೆಯ ಮಧ್ಯ ಆ ಎತ್ತರಕ್ಕೆ, ಇಲ್ಲವೇ ಸ್ವಲ್ಪ ಮೇಲಕ್ಕೆ ಬರಲಿ. ಮೇಲಿನ ಅಂಚು ಕಣ್ಣಿನ ನೇರದಿಂದ 15 ಡಿಗ್ರಿ ಮೀರದಂತೆ ನೋಡಿಕೊಂಡರೆ ಸಾಕು. ನಮ್ಮ 12 ಅಡಿ ಹಾಲಿನಲ್ಲಿ 65 ಇಂಚಿನ ಮಧ್ಯವನ್ನು 150 ಸೆಂ.ಮೀ.ಗೆ ಹಾಕಿದರೆ ಮೇಲಿನ ಅಂಚು 16 ಡಿಗ್ರಿಗೆ ಹೋಗುತ್ತದೆ. ಮಧ್ಯವನ್ನು 110 ಸೆಂ.ಮೀ.ಗೆ ಇಳಿಸಿದರೆ 9 ಡಿಗ್ರಿಗಿಂತ ಕಮ್ಮಿ. ಹತ್ತಿರ ಕೂತಷ್ಟೂ ಇದು ಜಾಸ್ತಿ ಕಾಡುತ್ತದೆ. ಅದಕ್ಕೇ ಸಣ್ಣ ಕೋಣೆಯಲ್ಲಿ ಟಿವಿ ಇನ್ನೂ ಕೆಳಗಿರಬೇಕು.

ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆ ಅಂತ ಅಜ್ಜಿ ಬೈತಿದ್ದರು. ನಿಜವಾ?

ಅಜ್ಜಿಯ ಮಾತು ಎಲ್ಲಿಂದಲೋ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದಲ್ಲಿ ಕೆಲವು ಬಣ್ಣದ ಟಿವಿಗಳಿಂದ ಮಿತಿ ಮೀರಿದ ಎಕ್ಸ್-ರೇ ಹೊರಬರುತ್ತಿರುವುದು ಗೊತ್ತಾಗಿ ದೊಡ್ಡ ಸುದ್ದಿಯಾಗಿತ್ತು. ಆ ಟಿವಿಗಳೊಳಗೆ ಹೆಚ್ಚಿನ ವೋಲ್ಟೇಜಿನ ಗಾಜಿನ ಟ್ಯೂಬುಗಳು ಇರುತ್ತಿದ್ದವು. ಈಗಿನ ತೆಳ್ಳನೆಯ ಪರದೆಗಳಲ್ಲಿ ಅವು ಇಲ್ಲವೇ ಇಲ್ಲ, ಎಕ್ಸ್-ರೇಯ ಮಾತೂ ಇಲ್ಲ.

ಹತ್ತಿರ ಕೂತರೆ ಕಣ್ಣು ಶಾಶ್ವತವಾಗಿ ಹಾಳಾಗುವುದಿಲ್ಲ, ಆಯಾಸ ಆಗುತ್ತದೆ. ನೆಟ್ಟ ನೋಟದಲ್ಲಿ ರೆಪ್ಪೆ ಬಡಿಯುವುದು ಕಮ್ಮಿ ಆಗಿ ಕಣ್ಣು ಒಣಗುತ್ತದೆ. ಕತ್ತಲಲ್ಲಿ ಹೊಳಪಿನ ಪರದೆ ನೋಡಿದರೆ ಇನ್ನೂ ಜಾಸ್ತಿ. ಟಿವಿಯ ಹಿಂದೆ ಒಂದು ಮಂದ ದೀಪ ಇಟ್ಟರೆ ಎಷ್ಟೋ ಹಿತ.

ಆದರೆ ಒಂದು ವಿಷಯವನ್ನು ಕಡೆಗಣಿಸಬೇಡಿ. ಸೋಫಾ ಬಿಟ್ಟು ಪದೇ ಪದೇ ಟಿವಿಯ ಮುಂದೆಯೇ ಹೋಗಿ ಕೂರುವ ಮಗುವಿಗೆ ದೂರದ್ದು ಸರಿಯಾಗಿ ಕಾಣದೇ ಇರಬಹುದು. ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಸಬ್‌ಟೈಟಲ್ ಓದಲು ಕಣ್ಣು ಕಿರಿದು ಮಾಡುವ ದೊಡ್ಡವರಿಗೂ ಇದೇ ಮಾತು. ಕನ್ನಡಕದ ನಂಬರ್ ಬದಲಾಗಿದ್ದರೆ 75 ಇಂಚು ತಂದರೂ ಉಪಯೋಗವಿಲ್ಲ.

ಲೆಕ್ಕ ಹಾಕಿಯೇ ತಂದೆ. ಆದರೂ ತೀರಾ ದೊಡ್ಡದು ಅನಿಸುತ್ತಿದೆ. ವಾಪಸ್ ಕೊಡಲಾ?

ಒಂದು ವಾರ ಬಿಡಿ. 43 ಇಂಚಿನಿಂದ 65ಕ್ಕೆ ಹೋದವರಿಗೆ ಮೊದಲ ಎರಡು ದಿನ ಹಾಗೇ ಅನಿಸುತ್ತದೆ, ಪರದೆಯ ಜಾಗ ಎರಡು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ. ಅಷ್ಟರೊಳಗೆ ಹೊಳಪು ಇಳಿಸಿ ನೋಡಿ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಅಂತ ಇಟ್ಟ ವಿವಿಡ್ ಮೋಡ್ ಹಾಗೆಯೇ ಇದ್ದರೆ ಮೊದಲು ಅದನ್ನು ಸಿನಿಮಾ ಮೋಡ್‌ಗೆ ಬದಲಿಸಿ. ಎಷ್ಟೋ ಸಲ ದೊಡ್ಡದು ಅನಿಸಿದ್ದು ಅಳತೆಯಿಂದಲ್ಲ, ಬೆಳಕಿನಿಂದ.

ವಾರ ಕಳೆದ ಮೇಲೂ ಮೂಲೆಯ ಸ್ಕೋರ್ ನೋಡಲು ಕತ್ತು ತಿರುಗುತ್ತಿದ್ದರೆ, ವೇಗದ ದೃಶ್ಯಗಳಲ್ಲಿ ತಲೆ ತಿರುಗಿದ ಹಾಗಾದರೆ, ಆಗ ಮತ್ತೆ ಟೇಪು ಹಿಡಿದು ಕಣ್ಣಿನಿಂದ ಪರದೆಗೆ ಅಳೆಯಿರಿ. ಮೂರರಷ್ಟಕ್ಕಿಂತ ಕಮ್ಮಿ ಬಂದರೆ ಮೊದಲು ಸ್ಟ್ಯಾಂಡ್ ಬಿಟ್ಟು ಗೋಡೆಗೆ ಹಾಕಿಸಿ, ಆಮೇಲೆ ಸೋಫಾ ಹಿಂದಕ್ಕೆ ತಳ್ಳಿ. ಎರಡೂ ಆದ ಮೇಲೂ ಸಾಲದಿದ್ದರೆ ವಾಪಸ್ ಕೊಡುವ ಕೊನೆಯ ದಿನ ಯಾವತ್ತು ಅಂತ ಬಿಲ್ಲಿನಲ್ಲಿ ನೋಡಿ.